ಕತ್ತಲಲ್ಲಿ ಕಂಡ ಭೂತ, ಜಾಕೆಟ್ಟಿನಲ್ಲಿದ್ದ ಚಿನ್ನ

ಪರೀಕ್ಷೆ ಹತ್ತಿರ ಬಂದಾಗ ಕಾನೂನು ಕಾಲೇಜಿನ ಹಾಸ್ಟೆಲುಗಳಲ್ಲಿ ಒಂದು ಝೆರಾಕ್ಸ್ ಹಾಳೆ ಕೋಣೆಯಿಂದ ಕೋಣೆಗೆ ತಿರುಗುತ್ತದೆ. ಎಡಗಡೆ ಲ್ಯಾಟಿನ್ ಸೂತ್ರ, ನಡುವೆ ಒಂದು ಸಾಲಿನ ಅರ್ಥ, ಬಲಗಡೆ ಒಂದು ಪುಟ್ಟ ಉದಾಹರಣೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವವರೂ ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಗೆ ಓದುವವರೂ ಇಂಥದ್ದೇ ಹಾಳೆಯನ್ನು ಉರು ಹೊಡೆಯುತ್ತಾರೆ. ಕೋರ್ಟಿನ ವರದಿ ಓದುವ ನಮ್ಮಂಥವರಿಗೂ ಆಗೀಗ ಈ ಮಾತುಗಳು ಎದುರಾಗುತ್ತವೆ. ಓದಿ ಮುಂದಿನ ಸಾಲಿಗೆ ಹೋಗಿಬಿಡುತ್ತೇವೆ.

ಆ ಹಾಳೆಯಿಂದ ಕ್ರಿಮಿನಲ್ ಕಾನೂನಿಗೆ ಸೇರಿದ ಕೆಲವು ಸೂತ್ರಗಳನ್ನು ಆರಿಸಿ ಇಲ್ಲಿ ಬಿಡಿಸಿಡುತ್ತೇನೆ. ಅರ್ಥ ಒಂದೇ ಸಾಲಿನದು. ಉದಾಹರಣೆಗಳನ್ನು ಮಾತ್ರ ಆದಷ್ಟು ನಿಜವಾದ ಮೊಕದ್ದಮೆಗಳಿಂದಲೇ ತೆಗೆದಿದ್ದೇನೆ. ಸೂತ್ರ ಹೇಳುವುದೊಂದು, ನಮ್ಮ ನ್ಯಾಯಾಲಯ ಮಾಡಿದ್ದು ಇನ್ನೊಂದು ಅನ್ನುವುದು ಎಷ್ಟೋ ಸಲ ನಡೆದಿದೆ. ಹಾಳೆಯನ್ನಷ್ಟೇ ಬಾಯಿಪಾಠ ಮಾಡಿದವರು ಜಾರಿ ಬೀಳುವುದು ಅಲ್ಲೇ.

ಆಕ್ಟಸ್ ನಾನ್ ಫಾಸಿಟ್ ರಿಯಮ್ ನಿಸಿ ಮೆನ್ಸ್ ಸಿಟ್ ರಿಯಾ. ಮನಸ್ಸಿನಲ್ಲಿ ದೋಷವಿಲ್ಲದಿದ್ದರೆ ಬರೀ ಕೃತ್ಯದಿಂದ ಯಾರೂ ಅಪರಾಧಿಯಾಗುವುದಿಲ್ಲ.

ದೇವಸ್ಥಾನದ ಬಾಗಿಲಲ್ಲಿ ನಿಮ್ಮದೇ ಎಂದುಕೊಂಡು ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದಿರಿ ಅನ್ನಿ. ಇನ್ನೊಬ್ಬರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ತಂದದ್ದು ನಿಜ. ಆದರೆ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ ಕಳ್ಳತನವಾಗಬೇಕಾದರೆ ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶ ಇರಬೇಕು. ಅದು ಇಲ್ಲಿ ಇಲ್ಲ. ಮನೆಗೆ ಬಂದ ಮೇಲೆ ನಿಮ್ಮದಲ್ಲ ಎಂದು ಗೊತ್ತಾಗಿಯೂ ಇದು ಹೊಸದು, ಇರಲಿ ಅಂತ ಇಟ್ಟುಕೊಂಡರೆ ಅಲ್ಲಿಂದ ಕಥೆ ಬೇರೆಯಾಗುತ್ತದೆ.

ಈ ಸೂತ್ರದ ಬೇರು ಸಂತ ಅಗಸ್ಟೀನ್ ಸುಳ್ಳು ಪ್ರಮಾಣದ ಬಗ್ಗೆ ಮಾಡಿದ ಧರ್ಮೋಪದೇಶದಲ್ಲಿದೆ. ಅದು ಇಂಗ್ಲೆಂಡಿನ ಹಳೆಯ ಕಾನೂನು ಸಂಗ್ರಹಗಳಿಗೆ ಇಳಿದು, 17ನೇ ಶತಮಾನದಲ್ಲಿ ಎಡ್ವರ್ಡ್ ಕೋಕ್ ಬರೆದ ಗ್ರಂಥದ ಮೂಲಕ ವಕೀಲರ ಬಾಯಲ್ಲಿ ನೆಲೆಯಾಯಿತು. ಸ್ವಾರಸ್ಯವೆಂದರೆ, 1860ರ ಭಾರತೀಯ ದಂಡ ಸಂಹಿತೆಯ ಅಪರಾಧಗಳ ವ್ಯಾಖ್ಯೆಗಳಲ್ಲಿ ‘ಮೆನ್ಸ್ ರಿಯಾ’ ಅನ್ನುವ ಮಾತನ್ನು ಬಳಸಿಲ್ಲ. ‘ಅಪ್ರಾಮಾಣಿಕವಾಗಿ’, ‘ಮೋಸದಿಂದ’, ‘ಉದ್ದೇಶಪೂರ್ವಕವಾಗಿ’, ‘ತಿಳಿದೂ ತಿಳಿದೂ’ ಎಂಬಂಥ ಮಾತುಗಳನ್ನು ಒಂದೊಂದು ಸೆಕ್ಷನ್ನಿನೊಳಗೇ ಕೂರಿಸಿದ್ದಾರೆ. ಹಾಗಾಗಿ ದೋಷಾರೋಪ ಪಟ್ಟಿ ಕೈಗೆ ಬಂದಾಗ ಪಳಗಿದ ವಕೀಲರು ಮೊದಲು ಹುಡುಕುವುದು ಆ ಸೆಕ್ಷನ್ನಿನಲ್ಲಿ ಮನಸ್ಸಿನ ಬಗ್ಗೆ ಯಾವ ಪದವಿದೆ, ಆ ಪದಕ್ಕೆ ಯಾವ ಸಾಕ್ಷ್ಯವಿದೆ ಎಂಬುದನ್ನು.

ಇದರ ಬೆನ್ನಿಗೇ ಬರುವುದು ಇಗ್ನೊರಾನ್ಷಿಯಾ ಫ್ಯಾಕ್ಟಿ ಎಕ್ಸ್‌ಕ್ಯೂಸಟ್, ಇಗ್ನೊರಾನ್ಷಿಯಾ ಜ್ಯೂರಿಸ್ ನಾನ್ ಎಕ್ಸ್‌ಕ್ಯೂಸಟ್. ಸಂಗತಿಯ ಬಗೆಗಿನ ತಪ್ಪು ತಿಳಿವಳಿಕೆಗೆ ಕ್ಷಮೆಯುಂಟು, ಕಾನೂನೇ ಗೊತ್ತಿರಲಿಲ್ಲ ಎಂಬುದಕ್ಕೆ ಕ್ಷಮೆಯಿಲ್ಲ. ಜನಕ್ಕೆ ಗೊತ್ತಿರುವುದು ಇದರ ಉತ್ತರಾರ್ಧ ಮಾತ್ರ. ಪೂರ್ವಾರ್ಧಕ್ಕೆ ನನಗೆ ತಿಳಿದಂತೆ ಒಡಿಶಾದ ಒಂದು ಮೊಕದ್ದಮೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ರಾಸಗೋವಿಂದಪುರದಲ್ಲಿ ಪಾಳುಬಿದ್ದ ವಿಮಾನ ನಿಲ್ದಾಣವೊಂದಿತ್ತು. ಅಲ್ಲಿ ಬಿದ್ದಿದ್ದ ಗುಜರಿ ಕೊಳ್ಳಲು 1958ರಲ್ಲಿ ಕಲ್ಕತ್ತದ ವ್ಯಾಪಾರಿಯೊಬ್ಬರು ಬಂದರು. ಜೊತೆಗೆ ರಾಮ್ ಬಹಾದುರ್ ಥಾಪಾ ಎಂಬ ನೇಪಾಳಿ ಸೇವಕ. ಆ ಬಯಲಿನಲ್ಲಿ ಭೂತಗಳು ಓಡಾಡುತ್ತವೆ ಎಂದು ಊರಿನವರೆಲ್ಲ ನಂಬಿದ್ದರು. ಕತ್ತಲಾದ ಮೇಲೆ ಒಬ್ಬೊಬ್ಬರೇ ಆ ಕಡೆ ಹೋಗುತ್ತಿರಲಿಲ್ಲ. ವ್ಯಾಪಾರಿಗೂ ಸೇವಕನಿಗೂ ಭೂತ ನೋಡುವ ಕುತೂಹಲ. ಒಂದು ರಾತ್ರಿ ಊರಿನವನೊಬ್ಬನನ್ನು ಕರೆದುಕೊಂಡು ಆ ದಾರಿಯಲ್ಲಿ ಬರುತ್ತಿದ್ದಾಗ ದೂರದಲ್ಲಿ ಮಿಣುಕು ಬೆಳಕು ಕಂಡಿತು. ಗಾಳಿಗೆ ಬೆಳಕು ಅಲ್ಲಾಡುತ್ತಿತ್ತು, ಅದರ ಸುತ್ತ ಆಕೃತಿಗಳು ಕುಣಿಯುತ್ತಿರುವ ಹಾಗೆ ತೋರಿತು. ಥಾಪಾ ಖುಕ್ರಿ ಹಿರಿದು ನುಗ್ಗಿ ಸಿಕ್ಕ ಸಿಕ್ಕ ಆಕೃತಿಗೆ ಬೀಸಿದ. ಹಿಂದಿನಿಂದ ಓಡಿ ಬಂದ ಜೊತೆಗಾರನಿಗೂ ಏಟು ಬಿತ್ತು. ಅಲ್ಲಿದ್ದವರು ಮರದ ಬುಡದಲ್ಲಿ ಲಾಟೀನು ಇಟ್ಟುಕೊಂಡು ಮಹುವಾ ಹೂವು ಆಯುತ್ತಿದ್ದ ಆದಿವಾಸಿ ಹೆಂಗಸರು. ಒಬ್ಬಾಕೆ ಸತ್ತರು, ಇಬ್ಬರಿಗೆ ಭಾರಿ ಗಾಯವಾಯಿತು.

ಸೆಷನ್ಸ್ ನ್ಯಾಯಾಲಯ ಥಾಪಾನನ್ನು ಖುಲಾಸೆ ಮಾಡಿತು. ಸರ್ಕಾರ ಮೇಲ್ಮನವಿ ಹಾಕಿತು. ಒರಿಸ್ಸಾ ಹೈಕೋರ್ಟು ಖುಲಾಸೆಯನ್ನೇ ಎತ್ತಿಹಿಡಿಯಿತು. ಆಧಾರ ದಂಡ ಸಂಹಿತೆಯ 79ನೇ ಸೆಕ್ಷನ್, ಈಗಿನ ನ್ಯಾಯ ಸಂಹಿತೆಯಲ್ಲಿ 17. ಸಂಗತಿಯ ಬಗೆಗಿನ ತಪ್ಪು ತಿಳಿವಳಿಕೆಯಿಂದ, ಸದ್ಭಾವನೆಯಿಂದ, ತಾನು ಮಾಡುತ್ತಿರುವುದು ಕಾನೂನಿಗೆ ಒಪ್ಪಿದ್ದೇ ಎಂದು ನಂಬಿ ಮಾಡಿದ ಕೃತ್ಯ ಅಪರಾಧವಲ್ಲ ಎನ್ನುತ್ತದೆ ಅದು. ಭೂತ ಇದೆಯೇ ಇಲ್ಲವೇ ಎಂಬ ಚರ್ಚೆ ಕೋರ್ಟಿಗೆ ಬೇಕಿರಲಿಲ್ಲ. ಎದುರಿಗಿರುವುದು ಮನುಷ್ಯರಲ್ಲ ಎಂದು ಅವನು ನಿಜವಾಗಿ ನಂಬಿದ್ದನೇ, ಆ ಹೊತ್ತಿನಲ್ಲಿ ಆ ಜಾಗದಲ್ಲಿ ಅವನಂಥವನು ಹಾಗೆ ನಂಬಲು ಕಾರಣವಿತ್ತೇ ಅನ್ನುವುದು ಪ್ರಶ್ನೆ. ಟಾರ್ಚ್ ಬಿಟ್ಟು ನೋಡಬೇಕಿತ್ತು, ಇನ್ನಷ್ಟು ಎಚ್ಚರ ವಹಿಸಬೇಕಿತ್ತು ಎಂಬ ವಾದವೂ ಬಂತು. ಸದ್ಭಾವನೆ ಅಂದರೆ ಕಾನೂನಿನಲ್ಲಿ ತಕ್ಕ ಎಚ್ಚರಿಕೆಯೂ ಸೇರಿದ ನಂಬಿಕೆ, ನಿಜವೇ. ಆದರೆ ಎಷ್ಟು ಎಚ್ಚರಿಕೆ ಅನ್ನುವುದನ್ನು ಆ ಮನುಷ್ಯನ ಸ್ಥಿತಿಯಲ್ಲಿಟ್ಟು ಅಳೆಯಬೇಕು ಎಂದಿತು ಹೈಕೋರ್ಟು. ಸತ್ತ ಹೆಂಗಸಿನ ಮನೆಯವರಿಗೆ ಈ ತೀರ್ಪು ಹೇಗೆ ಕೇಳಿಸಿತೋ. ಪಠ್ಯಪುಸ್ತಕಗಳು ಆ ಕಡೆ ತಿರುಗಿ ನೋಡುವುದಿಲ್ಲ.

ಸೂತ್ರದ ಇನ್ನರ್ಧಕ್ಕೆ ಮುಂಬಯಿಗೆ ಹೋಗಬೇಕು. 1962ರ ನವೆಂಬರ್ 27ರಂದು ಮೇಯರ್ ಹಾನ್ಸ್ ಜಾರ್ಜ್ ಎಂಬ ಜರ್ಮನ್ ಪ್ರಜೆ ಜ್ಯೂರಿಕ್‌ನಲ್ಲಿ ಸ್ವಿಸ್‌ಏರ್ ವಿಮಾನ ಹತ್ತಿದ. ಹೋಗಬೇಕಾದ್ದು ಮನಿಲಾಕ್ಕೆ. ಮಾರನೇ ದಿನ ಬೆಳಗಿನ ಜಾವ ವಿಮಾನ ಬೊಂಬಾಯಿಯಲ್ಲಿ ಇಳಿಯಿತು. ಅವನು ಕೆಳಗಿಳಿಯಲೇ ಇಲ್ಲ, ತನ್ನ ಸೀಟಿನಲ್ಲೇ ಕೂತಿದ್ದ. ಕಸ್ಟಮ್ಸ್ ಅಧಿಕಾರಿಗಳು ವಿಮಾನದ ಸರಕಿನ ಪಟ್ಟಿ ನೋಡಿದರು. ಅದರಲ್ಲಿ ಅವನ ಹೆಸರಿನಲ್ಲಿ ಚಿನ್ನ ತೋರಿಸಿರಲಿಲ್ಲ. ಮೈ ತಡವಿದರೆ, ಅದಕ್ಕೆಂದೇ ಹೊಲಿಸಿದ ಜಾಕೆಟ್ಟಿನ ಕಿಸೆಗಳಲ್ಲಿ ಒಟ್ಟು 34 ಕಿಲೊ ಚಿನ್ನ.

ಭಾರತದ ಮೇಲೆ ಹಾದು ಬೇರೆ ದೇಶಕ್ಕೆ ಹೋಗುವ ಚಿನ್ನಕ್ಕೆ ರಿಸರ್ವ್ ಬ್ಯಾಂಕು 1948ರಲ್ಲಿ ಸಾರಾಸಗಟು ಅನುಮತಿ ಕೊಟ್ಟಿತ್ತು. 1962ರ ನವೆಂಬರ್ 8ರಂದು ಅದನ್ನು ಬಿಗಿಮಾಡಿ, ಅಂಥ ಚಿನ್ನವನ್ನು ವಿಮಾನದ ಸರಕಿನ ಪಟ್ಟಿಯಲ್ಲಿ ತೋರಿಸಲೇಬೇಕು ಎಂದು ಹೊಸ ಅಧಿಸೂಚನೆ ಹೊರಡಿಸಿತು. ಅದು ಗೆಜೆಟ್‌ನಲ್ಲಿ ಅಚ್ಚಾದದ್ದು ನವೆಂಬರ್ 24ಕ್ಕೆ. ಜಾರ್ಜ್ ವಿಮಾನ ಹತ್ತಿದ್ದು ಅದಾದ ಮೂರು ದಿನಕ್ಕೆ, ಇನ್ನೊಂದು ಖಂಡದಲ್ಲಿ. ಜ್ಯೂರಿಕ್‌ನಲ್ಲಿದ್ದವನು ಭಾರತದ ಗೆಜೆಟ್ ಎಲ್ಲಿ ಓದಬೇಕು?

ಮ್ಯಾಜಿಸ್ಟ್ರೇಟರು ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಡಿ ಒಂದು ವರ್ಷದ ಶಿಕ್ಷೆ ಕೊಟ್ಟರು. ಬೊಂಬಾಯಿ ಹೈಕೋರ್ಟು ಬಿಡುಗಡೆ ಮಾಡಿತು. ಸುಪ್ರೀಂ ಕೋರ್ಟಿನಲ್ಲಿ ಮೂವರು ನ್ಯಾಯಮೂರ್ತಿಗಳು ಕೂತರು. ಅವರಲ್ಲಿ ಇಬ್ಬರು ಹೇಳಿದ್ದು ಹೀಗೆ: ದೇಶದ ಹಣಕಾಸನ್ನು ಕೊರೆಯುವ ಕಳ್ಳಸಾಗಣೆ ತಡೆಯಲೆಂದೇ ಮಾಡಿದ ಈ ಕಾಯ್ದೆಯಲ್ಲಿ ಪ್ರತಿಯೊಬ್ಬನ ಮನಸ್ಸಿನಲ್ಲೇನಿತ್ತು ಎಂದು ಸಾಬೀತುಮಾಡುತ್ತ ಕೂತರೆ ಕಾಯ್ದೆಯೇ ವ್ಯರ್ಥವಾಗುತ್ತದೆ. ತಿಳಿದೂ ಚಿನ್ನ ತಂದಿದ್ದರೆ ಅಷ್ಟು ಸಾಕು. ಅಧಿಸೂಚನೆ ನಮ್ಮ ದೇಶದಲ್ಲಿ ಪ್ರಕಟಿಸಬೇಕಾದ ರೀತಿಯಲ್ಲಿ ಪ್ರಕಟವಾಗಿದೆ. ಪರದೇಶದವನಿಗೆ ಅದು ಮುಟ್ಟಿತೇ ಇಲ್ಲವೇ ಎಂಬುದು ಮುಖ್ಯವಲ್ಲ. ಮೂರನೆಯವರಾದ ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಕಾಯ್ದೆ ಬಾಯಿಬಿಟ್ಟು ಹೇಳದಿದ್ದರೂ ದೋಷಪೂರಿತ ಮನಸ್ಸು ಬೇಕೆಂದೇ ಭಾವಿಸಬೇಕು, ಅದು ಬೇಡವೆನ್ನುವುದಕ್ಕೆ ಸ್ಪಷ್ಟ ಕಾರಣ ಕಾಣಬೇಕು ಎಂಬುದು ಅವರ ನಿಲುವು. ಎರಡು-ಒಂದರಲ್ಲಿ ಜಾರ್ಜ್ ಅಪರಾಧಿಯಾದ. ಶಿಕ್ಷೆಯನ್ನು ಮಾತ್ರ ಅದುವರೆಗೆ ಜೈಲಿನಲ್ಲಿ ಕಳೆದ ಅವಧಿಗೆ ಇಳಿಸಿದರು.

ಇಷ್ಟಕ್ಕೇ ನಿಲ್ಲಿಸಿದರೆ ಮೊದಲ ಸೂತ್ರ ಭಾರತದಲ್ಲಿ ಸೋತಿತು ಅನ್ನಿಸುತ್ತದೆ. ಆದರೆ 1965ರಲ್ಲಿ ಮಧ್ಯಪ್ರದೇಶದ ಧಾನ್ಯ ವ್ಯಾಪಾರಿ ನಾಥೂಲಾಲ್ ಅವರ ಮೇಲ್ಮನವಿ ಅದೇ ಸುಬ್ಬರಾವ್ ಅವರಿದ್ದ ಪೀಠಕ್ಕೆ ಬಂತು. ಲೈಸೆನ್ಸ್ ಇಲ್ಲದೆ ಮಾರಾಟಕ್ಕಾಗಿ ಗೋಧಿ ದಾಸ್ತಾನು ಮಾಡಿದರು ಎಂಬುದು ಆರೋಪ. ಅವರು ಲೈಸೆನ್ಸಿಗೆ ಅರ್ಜಿ ಹಾಕಿದ್ದರು, ಶುಲ್ಕ ಕಟ್ಟಿದ್ದರು, ದಾಸ್ತಾನಿನ ಲೆಕ್ಕವನ್ನು ಇಲಾಖೆಗೆ ತಪ್ಪದೆ ಕಳಿಸುತ್ತಿದ್ದರು. ಅರ್ಜಿ ತಿರಸ್ಕಾರವಾಗಿದೆ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಲೈಸೆನ್ಸು ಮನೆಗೇ ಬರುತ್ತದೆ ಎಂದು ನಂಬಿದ್ದರು. ಅಗತ್ಯ ವಸ್ತುಗಳ ಕಾಯ್ದೆಯೂ ಆರ್ಥಿಕ ಕಾಯ್ದೆಯೇ. ಆದರೂ ಬೇಕೆಂದೇ ಕಾನೂನು ಮೀರಿದವರಿಗೆ ಮಾತ್ರ ಈ ಶಿಕ್ಷೆ ಎಂದು ಹೇಳಿ ಸುಪ್ರೀಂ ಕೋರ್ಟು ಅವರನ್ನು ಬಿಟ್ಟಿತು.

ಎರಡನ್ನೂ ಎದುರುಬದುರಾಗಿ ಇಟ್ಟರೆ ಗೆರೆ ಕಾಣುತ್ತದೆ. ಜಾರ್ಜ್‌ಗೆ ಗೊತ್ತಿರದಿದ್ದದ್ದು ನಿಯಮ. ನಾಥೂಲಾಲರಿಗೆ ಲೈಸೆನ್ಸ್ ಬೇಕೆಂಬ ನಿಯಮ ಚೆನ್ನಾಗಿ ಗೊತ್ತಿತ್ತು. ಗೊತ್ತಿರದಿದ್ದದ್ದು ಅರ್ಜಿಯ ಗತಿ, ಅಂದರೆ ಒಂದು ಸಂಗತಿ. ಪರೀಕ್ಷೆಗೆ ಓದುವವರು ಈ ಜೋಡಿಯನ್ನು ಒಟ್ಟಿಗೇ ನೆನಪಿಟ್ಟುಕೊಳ್ಳುವುದು ವಾಸಿ. ಒಂದನ್ನೇ ಬರೆದ ಉತ್ತರ ಅರ್ಧ ಉತ್ತರ.

ಕಾನೂನು ಗೊತ್ತಿರಲಿಲ್ಲ ಎಂಬುದು ನೆಪವಲ್ಲ ಎನ್ನಬೇಕಾದರೆ ಕಾನೂನು ಗೊತ್ತುಮಾಡಿಕೊಳ್ಳುವ ದಾರಿಯಾದರೂ ಇರಬೇಕಲ್ಲ. ಜೈಪುರ ಸಂಸ್ಥಾನದ ಅಫೀಮು ಕಾಯ್ದೆಯನ್ನು 1923ರಲ್ಲಿ ಮಂತ್ರಿಮಂಡಲ ಗೊತ್ತುವಳಿ ಮಾಡಿ ಫೈಲಿನಲ್ಲಿ ಇಟ್ಟಿತ್ತು. ಗೆಜೆಟ್‌ನಲ್ಲೂ ಇಲ್ಲ, ಬೇರೆ ಯಾವ ರೀತಿಯಲ್ಲೂ ಜನಕ್ಕೆ ತಿಳಿಸಿರಲಿಲ್ಲ. ಅದರಡಿ ಶಿಕ್ಷೆಯಾಗಿದ್ದ ಹರ್ಲಾ ಎಂಬಾತನ ಮೇಲ್ಮನವಿಯಲ್ಲಿ 1951ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆ ಕಾನೂನೇ ಆಗಲಿಲ್ಲ ಎಂದು ಶಿಕ್ಷೆ ತೆಗೆದುಹಾಕಿತು.

ಅಲ್ಲಿಂದ ನಲ್ಲಮ್ ಕ್ರೈಮೆನ್ ಸೈನೆ ಲೆಜೆಗೆ ಒಂದೇ ಹೆಜ್ಜೆ. ಮಾಡಿದ ದಿನ ಕಾನೂನು ಅಪರಾಧ ಎನ್ನದ ಕೃತ್ಯ ಆಮೇಲೆ ಅಪರಾಧವಾಗುವುದಿಲ್ಲ. ಸಂವಿಧಾನದ 20(1)ನೇ ವಿಧಿಯಲ್ಲಿ ಇದಕ್ಕೆ ಜಾಗ ಕೊಟ್ಟಿದ್ದಾರೆ, ಅದೂ ಒಂದು ಮಾತು ಸೇರಿಸಿ: ಆ ದಿನ ಇದ್ದ ಶಿಕ್ಷೆಗಿಂತ ಹೆಚ್ಚು ಶಿಕ್ಷೆಯನ್ನೂ ಕೊಡುವಂತಿಲ್ಲ.

ಸದ್ಯಕ್ಕೆ ಇದರ ಉದಾಹರಣೆ ನಮ್ಮ ಪೊಲೀಸ್ ಠಾಣೆಗಳಲ್ಲೇ ಸಿಗುತ್ತದೆ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಸರಗಳ್ಳತನದಂಥ ಕಿತ್ತುಕೊಂಡು ಓಡುವ ಕೃತ್ಯಕ್ಕೆ ಅದರಲ್ಲಿ 304 ಎಂಬ ಪ್ರತ್ಯೇಕ ಸೆಕ್ಷನ್ ಬಂತು. ಹಳೆಯ ದಂಡ ಸಂಹಿತೆಯಲ್ಲಿ ಅಂಥದ್ದು ಇರಲಿಲ್ಲ. ಜೂನ್ 30ರ ಸಂಜೆ ಬೈಕಿನಲ್ಲಿ ಬಂದವನೊಬ್ಬ ಸರ ಕಿತ್ತುಕೊಂಡು ಹೋದ, ದೂರು ಕೊಟ್ಟದ್ದು ಜುಲೈ 2ಕ್ಕೆ ಅನ್ನೋಣ. ದೂರಿನ ತಾರೀಖು ನೋಡಿ 304 ಹಾಕಿದರೆ ಅದು ತಪ್ಪು. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನ. ಹಳೆಯ ದಂಡ ಸಂಹಿತೆಯ ಕಳ್ಳತನವೋ ಸುಲಿಗೆಯೋ ಯಾವುದು ಹೊಂದುತ್ತದೋ ಅದನ್ನೇ ಹಾಕಬೇಕು. ತನಿಖೆ, ವಿಚಾರಣೆಯ ಕಾರ್ಯವಿಧಾನಕ್ಕೆ ಈ ಸೂತ್ರ ಅಡ್ಡ ಬರುವುದಿಲ್ಲ. ಎರಡನ್ನೂ ಕಲಸಿಬಿಡುವುದು ಸಾಮಾನ್ಯವಾಗಿ ಕಾಣುವ ಎಡವಟ್ಟು.

ಡಿ ಮಿನಿಮಿಸ್ ನಾನ್ ಕ್ಯುರಾಟ್ ಲೆಕ್ಸ್. ಕ್ಷುಲ್ಲಕ ಸಂಗತಿಗಳನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಳೆಯ 95ನೇ ಸೆಕ್ಷನ್, ಈಗಿನ 33. ಮುಂಬಯಿಯ ಒಂದು ಕಟ್ಟಡದಲ್ಲಿ ಮನೆಯೊಡೆಯರಿಗೂ ಬಾಡಿಗೆದಾರರಿಗೂ ಜಗಳ ಹತ್ತಿ, ಒಬ್ಬರು ಕೈಯಲ್ಲಿದ್ದ ಕಾಗದದ ಫೈಲನ್ನು ಬೀಸಿ ಎಸೆದರು. ಗುರಿಯಿಟ್ಟವರಿಗೆ ತಾಗದೆ ಅದು ಅವರ ಹೆಂಡತಿಯ ಮೊಣಕೈಗೆ ತಗುಲಿ ತರಚಿತು. ಈ ತರಚು ಗಾಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 1966ರಲ್ಲಿ ವೀಡಾ ಮೆನೆಜಿಸ್ ಮೊಕದ್ದಮೆ ಎಂದೇ ಹೆಸರಾದ ಆ ತೀರ್ಪಿನಲ್ಲಿ, ಸಾಮಾನ್ಯ ತಿಳಿವಳಿಕೆಯವರು ದೂರು ಹೇಳದಷ್ಟು ಸಣ್ಣ ಹಾನಿಯಿದು ಎಂದು ಕೋರ್ಟು ಆರೋಪಿಯನ್ನು ಬಿಟ್ಟಿತು. ಇಲ್ಲಿ ಗಮನಿಸಬೇಕಾದ್ದು, ಗಾಯದ ಅಳತೆಯೊಂದೇ ಸಾಲದು. ಯಾರು ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ಉದ್ದೇಶದಿಂದ ಮಾಡಿದರು ಎಂಬುದನ್ನೂ ತೂಗಬೇಕು.

ಡೋಲಿ ಇನ್‌ಕ್ಯಾಪಾಕ್ಸ್ ಎಂದರೆ ಅಪರಾಧ ಮಾಡುವ ಬುದ್ಧಿಯೇ ಇನ್ನೂ ಬೆಳೆದಿಲ್ಲದವರು ಎಂದರ್ಥ. ಏಳು ವರ್ಷ ತುಂಬದ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರ ನಡುವೆ, ತಾನು ಮಾಡುತ್ತಿರುವುದೇನೆಂದು ತಿಳಿಯುವಷ್ಟು ಮಗು ಬೆಳೆದಿತ್ತೇ ಎಂದು ನೋಡಬೇಕು. ಹನ್ನೊಂದು ದಾಟಿದ ಹುಡುಗನೊಬ್ಬ ಚಾಕು ಹಿರಿದು, ಕತ್ತರಿಸಿ ತುಂಡು ಮಾಡುತ್ತೇನೆ ಎಂದು ಹೇಳಿ ಹಾಗೇ ಇರಿದ ಉಲ್ಲಾ ಮಹಾಪಾತ್ರ ಮೊಕದ್ದಮೆಯಲ್ಲಿ ಆ ಮಾತೇ ಅವನಿಗೆ ತಿಳಿವಳಿಕೆಯಿತ್ತು ಎಂಬುದಕ್ಕೆ ಸಾಕ್ಷಿಯಾಯಿತು. ಈಗ ಹದಿನೆಂಟರೊಳಗಿನವರೆಲ್ಲ ಬಾಲ ನ್ಯಾಯ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಇದರ ಬಳಕೆ ಕಡಿಮೆಯಾಗಿದೆ.

ಸಂವಿಧಾನದ 20ನೇ ವಿಧಿಯಲ್ಲಿ ಇನ್ನೆರಡು ಸೂತ್ರಗಳು ಅಡಗಿವೆ. ನೆಮೊ ಡೆಬೆಟ್ ಬಿಸ್ ವೆಕ್ಸಾರಿ: ಒಂದೇ ತಪ್ಪಿಗಾಗಿ ಯಾರನ್ನೂ ಎರಡು ಸಲ ಕಾಡಬಾರದು. ಇದರ ಪ್ರಸಿದ್ಧ ಉದಾಹರಣೆಯಲ್ಲೂ ಚಿನ್ನವೇ. 1949ರ ನವೆಂಬರಿನಲ್ಲಿ ಜೆಡ್ಡಾದಿಂದ ಬಂದು ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಇಳಿದ ಮಕ್ಬೂಲ್ ಹುಸೇನ್ ಬಳಿ ನೂರು ತೊಲಕ್ಕೂ ಹೆಚ್ಚು ಚಿನ್ನವಿತ್ತು, ಅವರು ಅದನ್ನು ಘೋಷಿಸಿರಲಿಲ್ಲ. ಕಸ್ಟಮ್ಸ್‌ನವರು ಚಿನ್ನ ಮುಟ್ಟುಗೋಲು ಹಾಕಿಕೊಂಡರು. ಆಮೇಲೆ ಪೊಲೀಸರು ಕ್ರಿಮಿನಲ್ ಮೊಕದ್ದಮೆಯನ್ನೂ ಹೂಡಿದರು. ಚಿನ್ನ ಹೋಯಿತು, ಈಗ ಮತ್ತೆ ಜೈಲೂ ಅಂದರೆ ಇದು ಎರಡನೇ ಶಿಕ್ಷೆಯಲ್ಲವೇ ಎಂದು ಅವರು ಕೇಳಿದರು. ಅಲ್ಲ ಎಂದಿತು 1953ರಲ್ಲಿ ಸುಪ್ರೀಂ ಕೋರ್ಟು. ಕಸ್ಟಮ್ಸ್ ಅಧಿಕಾರಿ ನ್ಯಾಯಾಲಯವಲ್ಲ, ಅಲ್ಲಿ ನಡೆದದ್ದು ವಿಚಾರಣೆಯೂ ಅಲ್ಲ.

20(2)ನೇ ವಿಧಿಯ ರಕ್ಷಣೆ ಸಿಗಬೇಕಾದರೆ ಮೊದಲ ಸಲ ವಿಚಾರಣೆಯೂ ನಡೆದಿರಬೇಕು, ಶಿಕ್ಷೆಯೂ ಆಗಿರಬೇಕು. ಹಾಗಾದರೆ ಖುಲಾಸೆಯಾದವರ ಗತಿ? ಅವರನ್ನು ಕಾಪಾಡುವುದು ಸಂವಿಧಾನದ ಈ ವಿಧಿಗಿಂತ ಹೆಚ್ಚಾಗಿ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 300ನೇ ಸೆಕ್ಷನ್, ಈಗ ನಾಗರಿಕ ಸುರಕ್ಷಾ ಸಂಹಿತೆಯ 337. ಸಂವಿಧಾನದ ಬಾಗಿಲಿಗಿಂತ ಈ ಬಾಗಿಲು ಅಗಲ. ಇಲಾಖಾ ವಿಚಾರಣೆಯಲ್ಲಿ ಕೆಲಸ ಕಳೆದುಕೊಂಡ ನೌಕರನ ಮೇಲೆ ಅದೇ ಹಣ ದುರುಪಯೋಗಕ್ಕೆ ಕ್ರಿಮಿನಲ್ ಕೇಸು ಹೂಡಲು ಎರಡೂ ಅಡ್ಡಿಯಾಗುವುದಿಲ್ಲ.

ನೆಮೊ ಟೆನೆಟುರ್ ಸೀಪ್ಸಮ್ ಅಕ್ಯುಸಾರೆ: ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ. ಇದರ ದೊಡ್ಡ ತೀರ್ಪಿನ ಹೆಸರಿನಲ್ಲೇ ಕರ್ನಾಟಕವಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಮೇ 5. ಆ ವರ್ಷಗಳಲ್ಲಿ ಮಂಪರು ಪರೀಕ್ಷೆಗೆಂದು ಆರೋಪಿಗಳನ್ನು ಬೇರೆ ರಾಜ್ಯಗಳಿಂದಲೂ ಬೆಂಗಳೂರಿಗೆ ಕರೆತರುತ್ತಿದ್ದರು. ಸೋಡಿಯಂ ಪೆಂಟೊಥಾಲ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟು, ಅರೆಪ್ರಜ್ಞೆಗೆ ಜಾರಿದವನಿಂದ ಮಾತು ತೆಗೆಯುವುದು ಆ ಪರೀಕ್ಷೆ. ಅದರ ದೃಶ್ಯಗಳು ಟಿವಿಯಲ್ಲೂ ಬಂದಿದ್ದವು. ಆ ಸ್ಥಿತಿಯಲ್ಲಿ ಮನುಷ್ಯ ನಿಜವನ್ನೇ ಹೇಳುತ್ತಾನೆ ಅನ್ನುವುದು ಸಿನಿಮಾದ ನಂಬಿಕೆ. ಕೇಳುವವರು ಎಳೆದ ಕಡೆ ವಾಲುತ್ತಾನೆ, ಕಲ್ಪನೆಯನ್ನೂ ಬೆರೆಸುತ್ತಾನೆ.

ಮೂವರು ನ್ಯಾಯಮೂರ್ತಿಗಳ ಪೀಠ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳಿನ ತರಂಗ ಪರೀಕ್ಷೆ ಮೂರನ್ನೂ ಒಪ್ಪಿಗೆಯಿಲ್ಲದೆ ಮಾಡಬಾರದು ಎಂದಿತು. ಒಪ್ಪಿಗೆಯನ್ನು ಪೊಲೀಸರ ಮುಂದೆ ಕೊಟ್ಟರೆ ಸಾಲದು, ವಕೀಲರ ಸಲಹೆ ಪಡೆದು ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಒಪ್ಪಿ ಮಾಡಿಸಿಕೊಂಡರೂ ಆ ಹೇಳಿಕೆ ಅದರಷ್ಟಕ್ಕೆ ಸಾಕ್ಷ್ಯವಲ್ಲ. ಅದರ ಸುಳಿವಿನಿಂದ ಮುಂದೆ ಚಾಕುವೋ ಮೊಬೈಲೋ ಪತ್ತೆಯಾದರೆ ಆ ವಸ್ತುವನ್ನು ಕಾನೂನಿನ ಮಿತಿಯೊಳಗೆ ಪರಿಗಣಿಸಬಹುದು. ಹಾಗೆಂದು ಆರೋಪಿ ಬೆರಳಚ್ಚು ಕೊಡುವುದಿಲ್ಲ ಎನ್ನುವಂತಿಲ್ಲ. 1961ರಲ್ಲೇ ಕಾಥಿ ಕಾಲು ಓಘಡ್ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಗೆರೆ ಎಳೆದಿದೆ: ಬೆರಳಚ್ಚು, ಕೈಬರಹದ ಮಾದರಿ ಇವು ಹೋಲಿಸಿ ನೋಡಲು ಬೇಕಾದ ಗುರುತುಗಳು, ತಲೆಯೊಳಗಿನ ತಿಳಿವಳಿಕೆಯನ್ನು ಹೊರಹಾಕುವ ಸಾಕ್ಷಿ ಹೇಳಿಕೆಗಳಲ್ಲ.

ಕೊನೆಯ ಎರಡು ಸೂತ್ರಗಳು ಸಾಕ್ಷ್ಯದವು. ನೆಮೊ ಮೊರಿಟುರಸ್ ಪ್ರೆಸುಮಿಟುರ್ ಮೆಂಟಿರೆ: ಸಾಯುತ್ತಿರುವವರು ಸುಳ್ಳು ಹೇಳುತ್ತಾರೆಂದು ಊಹಿಸುವಂತಿಲ್ಲ. ಮರಣಪೂರ್ವ ಹೇಳಿಕೆಗೆ ಇದೇ ಆಧಾರ ಎಂದು ಹಾಳೆಯಲ್ಲಿರುತ್ತದೆ. ಇಂಗ್ಲೆಂಡಿನ ಹಳೆಯ ನಿಯಮದಲ್ಲಿ ಹೇಳಿಕೆ ಕೊಡುವವರಿಗೆ ತಾನು ಇನ್ನು ಉಳಿಯುವುದಿಲ್ಲ ಎಂಬುದು ಖಚಿತವಾಗಿರಬೇಕಿತ್ತು. ನಮ್ಮಲ್ಲಿ ಅದು ಬೇಡ. ಸಾವಿನ ಕಾರಣವನ್ನೋ ಸಾವಿಗೆ ದಾರಿಯಾದ ಘಟನೆಯ ಸಂದರ್ಭವನ್ನೋ ಹೇಳಿದ್ದರೆ ಸಾಕು.

1937ರ ಮಾರ್ಚಿನಲ್ಲಿ ಪುರಿ ನಿಲ್ದಾಣದಲ್ಲಿ ರೈಲಿನ ಮೂರನೇ ದರ್ಜೆಯ ಡಬ್ಬಿಯಲ್ಲಿ ವಾರಸುದಾರರಿಲ್ಲದ ಉಕ್ಕಿನ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ತುಂಡು ಮಾಡಿದ ಹೆಣ. ಸತ್ತವನು ಕೆಲವು ದಿನಗಳ ಹಿಂದೆ ಹೆಂಡತಿಗೆ ಒಂದು ಕಾಗದ ತೋರಿಸಿ, ಕೊಟ್ಟ ಸಾಲ ವಸೂಲಿಗೆ ಬರಹೇಳಿದ್ದಾರೆ, ಬರ್‍ಹಾಂಪುರಕ್ಕೆ ಹೋಗುತ್ತೇನೆ ಎಂದು ಹೇಳಿ ಹೊರಟಿದ್ದ. ಸಾವಿನ ಯೋಚನೆ ಅವನ ಹತ್ತಿರವೂ ಸುಳಿದಿರಲಿಲ್ಲ. ಆದರೂ ಪಾಕಳ ನಾರಾಯಣ ಸ್ವಾಮಿ ಮೊಕದ್ದಮೆಯಲ್ಲಿ 1939ರಲ್ಲಿ ಪ್ರಿವಿ ಕೌನ್ಸಿಲ್, ಹೆಂಡತಿಗೆ ಹೇಳಿದ ಆ ಮಾತನ್ನು ಸಾಕ್ಷ್ಯವಾಗಿ ಒಪ್ಪಿತು. ಅಲ್ಲಿ ಈ ಸೂತ್ರದ ಭಾವನೆ ಹೊಂದುವುದೇ ಇಲ್ಲ. ಒಪ್ಪಿದ್ದು ಕಾಯ್ದೆಯ ಮಾತನ್ನು ನೋಡಿ. ಅದು ಆಗ ಸಾಕ್ಷ್ಯ ಕಾಯ್ದೆಯ 32(1)ನೇ ಸೆಕ್ಷನ್, ಈಗ ಸಾಕ್ಷ್ಯ ಅಧಿನಿಯಮದ 26.

ಸುಟ್ಟ ಗಾಯದ ವಾರ್ಡಿನಲ್ಲಿ ಬರೆದುಕೊಳ್ಳುವ ಹೇಳಿಕೆಗಳೇ ಇವತ್ತು ಕೋರ್ಟಿಗೆ ಹೆಚ್ಚಾಗಿ ಬರುತ್ತವೆ. ರೋಗಿ ಮಾತನಾಡುವ ಸ್ಥಿತಿಯಲ್ಲಿದ್ದಾರೆ ಎಂಬ ವೈದ್ಯರ ಷರಾ ಇಲ್ಲದಿದ್ದರೆ ಹೇಳಿಕೆ ಬಿದ್ದುಹೋಗುತ್ತದೆಯೇ ಎಂಬ ಪ್ರಶ್ನೆ ಬಂದಾಗ, 2002ರ ಲಕ್ಷ್ಮಣ್ ಮೊಕದ್ದಮೆಯಲ್ಲಿ ಸಂವಿಧಾನ ಪೀಠ ಇಲ್ಲ ಎಂದಿತು. ಬರೆದುಕೊಂಡವರಿಗೆ ಅದು ಮನವರಿಕೆಯಾಗಿದ್ದರೆ ಸಾಕು. ಹೇಳಿಕೆ ನಂಬಿಕೆಗೆ ಅರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು. ನ್ಯಾಯಾಧೀಶರು ಹುಡುಕುವುದು ಬೇರೆ ಲಕ್ಷಣಗಳನ್ನು: ಹಾಸಿಗೆಯ ಪಕ್ಕ ಯಾವ ಕಡೆಯ ನೆಂಟರಿದ್ದರು, ಮೊದಲು ಆಕಸ್ಮಿಕ ಎಂದು ಹೇಳಿ ಆಮೇಲೆ ಗಂಡನ ಹೆಸರು ಬಂದಿದೆಯೇ, ಓದುಬರಹ ಬಾರದವರ ಬಾಯಲ್ಲಿ ದೂರಿನ ಭಾಷೆ ಹೇಗೆ ಬಂತು. ಸಾಯುವವರನ್ನು ಪಾಟೀಸವಾಲಿಗೆ ಕರೆಯಲಾಗುವುದಿಲ್ಲವಲ್ಲ.

ಇನ್ನು ಫಾಲ್ಸಸ್ ಇನ್ ಉನೊ, ಫಾಲ್ಸಸ್ ಇನ್ ಆಮ್ನಿಬಸ್: ಒಂದು ವಿಷಯದಲ್ಲಿ ಸುಳ್ಳು ಹೇಳಿದವರು ಎಲ್ಲದರಲ್ಲೂ ಸುಳ್ಳರು. ಕೇಳಲು ಚೆನ್ನಾಗಿದೆ, ಪಾಟೀಸವಾಲಿನಲ್ಲಿ ವಕೀಲರು ಇದನ್ನೇ ನೆಚ್ಚುತ್ತಾರೆ. ಭಾರತದಲ್ಲಿ ಇದು ನಡೆಯುವುದಿಲ್ಲ. ಇದು ಕಾನೂನಿನ ನಿಯಮವೂ ಅಲ್ಲ, ಪಾಲಿಸಲೇಬೇಕಾದ ರೂಢಿಯೂ ಅಲ್ಲ ಎಂದು 1957ರ ನಿಸಾರ್ ಅಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾರಣ ನಮ್ಮ ಹಳ್ಳಿಗಳ ಹೊಡೆದಾಟದ ಕೇಸು ನೋಡಿದವರಿಗೆ ಗೊತ್ತು. ಹೊಡೆದವರು ಮೂವರಿದ್ದರೆ ದೂರಿನಲ್ಲಿ ಹಳೆಯ ದ್ವೇಷದ ಇನ್ನಿಬ್ಬರ ಹೆಸರೂ ಸೇರಿಕೊಳ್ಳುತ್ತದೆ. ಅವರಲ್ಲಿ ಒಬ್ಬ ಆ ಹೊತ್ತಿನಲ್ಲಿ ಪಕ್ಕದೂರಿನ ಸೊಸೈಟಿಯಲ್ಲಿ ರುಜು ಹಾಕುತ್ತಿದ್ದ ಎಂದು ಸಾಬೀತಾಯಿತು ಅನ್ನಿ. ಸೂತ್ರದ ಪ್ರಕಾರ ಸಾಕ್ಷಿಯ ಮಾತು ಪೂರ್ತಿ ಬಿದ್ದು, ನಿಜವಾಗಿ ಹೊಡೆದ ಮೂವರೂ ಮನೆಗೆ ಹೋಗಬೇಕು. ನ್ಯಾಯಾಲಯ ಹಾಗೆ ಮಾಡದೆ ಜೊಳ್ಳು ತೂರಿ ಕಾಳು ಉಳಿಸಿಕೊಳ್ಳುತ್ತದೆ: ಆ ಮೂವರ ಬಗ್ಗೆ ಸಾಕ್ಷಿ ಹೇಳಿದ್ದು ಗಾಯದ ವರದಿಗೆ, ಮಹಜರಿಗೆ, ಬೇರೆ ಸಾಕ್ಷಿಗಳಿಗೆ ತಾಳೆಯಾಗುತ್ತದೆಯೇ ಎಂದು ನೋಡಿ ಅಷ್ಟನ್ನು ನಂಬುತ್ತದೆ. ಸುಳ್ಳೂ ನಿಜವೂ ಬಿಡಿಸಲಾಗದಷ್ಟು ಹೆಣೆದುಕೊಂಡಿದ್ದು, ಒಂದನ್ನು ತೆಗೆದರೆ ಅಭಿಯೋಜನೆ ಹೇಳಿದ್ದಕ್ಕಿಂತ ಬೇರೆಯದೇ ಕಥೆಯಾಗುವಂತಿದ್ದರೆ ಮಾತ್ರ ಪೂರ್ತಿ ಕೈಬಿಡುತ್ತದೆ. ಪರೀಕ್ಷೆಯ ಹಾಳೆಯಲ್ಲಿ ಈ ಸೂತ್ರದ ಮುಂದೆ ಅರ್ಥ ಬರೆದು, ಅದರ ಪಕ್ಕದಲ್ಲೇ ‘ಭಾರತದಲ್ಲಿ ಅನ್ವಯಿಸುವುದಿಲ್ಲ, ನಿಸಾರ್ ಅಲಿ, 1957’ ಎಂದೂ ಬರೆದುಕೊಳ್ಳಬೇಕು.